ಕಡಲು ಏರುತ್ತಿರುವುದು ಹಿಮ ಕರಗಿಯೋ, ನೀರು ಹಿಗ್ಗಿಯೋ?

ಓದುಗರ ಪ್ರಶ್ನೆ: ಸಮುದ್ರಮಟ್ಟ ಏರಲು ಹಿಮ ಕರಗುವುದೇ ಕಾರಣವೆಂದು ಕೆಲವರೂ, ನೀರು ಬಿಸಿಯಾಗಿ ಹಿಗ್ಗುವುದೇ ಕಾರಣವೆಂದು ಕೆಲವರೂ ಹೇಳುತ್ತಾರೆ. ಯಾವುದರ ಪಾಲು ಹೆಚ್ಚು? ಇದನ್ನು ನಾವೇ ಲೆಕ್ಕ ಹಾಕಿ ನೋಡಬಹುದೇ?

ಉತ್ತರ: ಎರಡೂ ನಿಜ. ಈಚಿನ ವರ್ಷಗಳಲ್ಲಿ ಹಿಮದ ಪಾಲು ಮುಂದಿದೆ. ಗುಣಾಕಾರ, ಭಾಗಾಕಾರ ಬಲ್ಲವರು ಇದನ್ನು ತಾವೇ ಪರೀಕ್ಷಿಸಬಹುದು.

ಮೊದಲು ಹಿಮ. ಇಲ್ಲಿ ನೆಲದ ಮೇಲಿನ ಹಿಮವನ್ನಷ್ಟೇ ಎಣಿಸಬೇಕು. ಆರ್ಕ್ಟಿಕ್‌ನಲ್ಲಿ ತೇಲುವ ಹಿಮ ತನ್ನ ತೂಕದಷ್ಟು ನೀರನ್ನು ಈಗಾಗಲೇ ಪಕ್ಕಕ್ಕೆ ಸರಿಸಿರುವುದರಿಂದ, ಅದು ಕರಗಿದರೂ ಮಟ್ಟ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸಾಗರಗಳ ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿಲೋಮೀಟರ್. ಅಷ್ಟಗಲಕ್ಕೂ 1 ಮಿಲಿಮೀಟರ್ ನೀರು ನಿಲ್ಲಬೇಕಾದರೆ 360 ಘನ ಕಿಲೋಮೀಟರ್, ಅಂದರೆ 360 ಶತಕೋಟಿ ಟನ್ ನೀರು ಬೇಕು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸುಮಾರು 270, ಅಂಟಾರ್ಕ್ಟಿಕಾ ಸುಮಾರು 150, ಜಗತ್ತಿನ ಪರ್ವತ ಹಿಮನದಿಗಳು ಸುಮಾರು 270 ಶತಕೋಟಿ ಟನ್ ಕಳೆದುಕೊಳ್ಳುತ್ತಿವೆ. ಒಟ್ಟು 690, ಅದನ್ನು 360ರಿಂದ ಭಾಗಿಸಿದರೆ 1.9 ಮಿಲಿಮೀಟರ್.

ಇನ್ನು ಹಿಗ್ಗುವಿಕೆ. ಸಾಗರದ ಮೇಲಿನ 2000 ಮೀಟರ್ ನೀರು ಸರಾಸರಿ ವರ್ಷಕ್ಕೆ ಸುಮಾರು 0.0035 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತಿದೆ ಎಂದಿಟ್ಟುಕೊಳ್ಳೋಣ. ನೀರು ಒಂದು ಡಿಗ್ರಿಗೆ ತನ್ನ ಗಾತ್ರದ 0.00015 ಭಾಗದಷ್ಟು ಹಿಗ್ಗಿದರೆ, 20 ಲಕ್ಷ ಮಿಲಿಮೀಟರ್ × 0.0035 × 0.00015, ಅಂದರೆ ಸುಮಾರು 1 ಮಿಲಿಮೀಟರ್. ಈ ಗುಣಾಂಕ ಎಲ್ಲೆಡೆ ಒಂದೇ ಅಲ್ಲ: ಉಷ್ಣವಲಯದ ಬೆಚ್ಚನೆಯ ಮೇಲ್ಪದರದಲ್ಲಿ ಅದು ಇದರ ಎರಡರಷ್ಟಿರುತ್ತದೆ, ಧ್ರುವಗಳ ಬಳಿಯ ತಣ್ಣೀರಿನಲ್ಲಿ ತೀರಾ ಕಡಿಮೆ. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ: ಮೇಲ್ಮೈಯ ಬಿಸಿಯೇರಿಕೆಯನ್ನು ಇಡೀ ಆಳಕ್ಕೆ ಅನ್ವಯಿಸಿದಾಗ. ಆಗ ಉತ್ತರ ಹಲವು ಪಟ್ಟು ಉಬ್ಬುತ್ತದೆ.

ಎರಡೂ ಸೇರಿ ಸುಮಾರು 3 ಮಿಲಿಮೀಟರ್. ಉಪಗ್ರಹಗಳು 2006ರಿಂದ 2018ರವರೆಗೆ ಅಳೆದ ಏರಿಕೆ ವರ್ಷಕ್ಕೆ ಸುಮಾರು 3.7. ಉಳಿದದ್ದರಲ್ಲಿ ಒಂದು ಪಾಲು ನಮ್ಮ ಒರಟು ಗುಣಾಂಕದ್ದು. ಇನ್ನೊಂದು, ಬೋರ್‌ವೆಲ್‌ಗಳಿಂದ ಎತ್ತಿದ ಅಂತರ್ಜಲವೂ ಸೇರಿದಂತೆ ನೆಲದಿಂದ ಕಡಲಿಗೆ ಸೇರಿದ ನೀರಿನದು. ಇಷ್ಟು ಸರಳ ಲೆಕ್ಕ ಅಳತೆಯ ಇಷ್ಟು ಹತ್ತಿರ ಬರುವುದು ನನಗೆ ಈಗಲೂ ಬೆರಗು ತರುತ್ತದೆ.

ಆದರೆ ನಾನು ಹೆಚ್ಚು ಮುಖ್ಯವೆಂದು ಭಾವಿಸುವುದು ಶಾಖದ ಹಂಚಿಕೆಯನ್ನು. ಒಂದು ಕಿಲೋಗ್ರಾಂ ಹಿಮ ಕರಗಲು 334 ಕಿಲೋಜೌಲ್ ಸಾಕು. ಹಾಗಾಗಿ ಮೇಲಿನ 690 ಶತಕೋಟಿ ಟನ್ ಹಿಮ ಕರಗಲು ಬೇಕಾದ ಶಾಖ, ಸಾಗರ ವರ್ಷಕ್ಕೆ ಹೀರುವ ಶಾಖದ ನಲವತ್ತರಲ್ಲೊಂದು ಪಾಲಿನಷ್ಟು ಮಾತ್ರ. ಆದರೂ ಅದು ಮಟ್ಟವನ್ನು ಹೆಚ್ಚು ಏರಿಸುತ್ತಿದೆ. 1971ರಿಂದ 2018ರವರೆಗಿನ ಏರಿಕೆಯಲ್ಲಿ ಸುಮಾರು ಅರ್ಧ ಹಿಗ್ಗುವಿಕೆಯದಾಗಿತ್ತು. ಈಗ ಹಿಮ ಮುಂದಾಗಿರುವುದಕ್ಕೆ ಇಷ್ಟು ಸಣ್ಣ ಪಾಲಿನ ಶಾಖವೇ ಸಾಕಾಯಿತು.