ಕ್ರಿಯೆಯ ದರ್ಜೆ: ನೇರ ರೇಖೆಯಿಂದ ಗುರುತಿಸುವ ಬಗೆ

ಒಂದು ರಾಸಾಯನಿಕ ಕ್ರಿಯೆಯ ದರವು ಪ್ರತಿವರ್ತಕದ ಸಾರತೆಯ ಎಷ್ಟನೆಯ ಘಾತವನ್ನು ಅವಲಂಬಿಸಿದೆಯೋ ಅದೇ ಆ ಕ್ರಿಯೆಯ ದರ್ಜೆ. ಸಮೀಕರಣದಲ್ಲಿರುವ ಗುಣಾಂಕವನ್ನು ನೋಡಿ ಇದನ್ನು ಹೇಳಲಾಗದು. 2N₂O₅ → 4NO₂ + O₂ ಎಂಬಲ್ಲಿ ಗುಣಾಂಕ 2 ಇದ್ದರೂ ಕ್ರಿಯೆ ಮೊದಲನೆಯ ದರ್ಜೆಯದು. ಆದ್ದರಿಂದ ಕಾಲ ಕಳೆದಂತೆ ಸಾರತೆ ಹೇಗೆ ಇಳಿಯಿತು ಎಂಬುದನ್ನು ಅಳೆದೇ ದರ್ಜೆಯನ್ನು ನಿರ್ಧರಿಸಬೇಕು.

ದರ ಸಮೀಕರಣವನ್ನು ಅನುಕಲನ ಮಾಡಿದಾಗ ಪ್ರತಿ ದರ್ಜೆಗೂ ಒಂದೊಂದು ನೇರ ರೇಖೆಯ ಸಮೀಕರಣ ದೊರೆಯುತ್ತದೆ. ಪ್ರತಿವರ್ತಕದ ಸಾರತೆಯನ್ನು [A] ಎಂದು ಬರೆದರೆ, ಕಾಲದ ಎದುರು ಶೂನ್ಯ ದರ್ಜೆಗೆ [A], ಮೊದಲನೆಯದಕ್ಕೆ ln[A], ಎರಡನೆಯದಕ್ಕೆ 1/[A] ಗುರುತಿಸಿದರೆ ರೇಖೆ ನೇರವಾಗಿರುತ್ತದೆ. ಒಂದೇ ದತ್ತಾಂಶಕ್ಕೆ ಮೂರೂ ನಕ್ಷೆಗಳನ್ನು ಬರೆದು, ಬಾಗದೆ ಉಳಿದದ್ದು ಯಾವುದೆಂದು ನೋಡುವುದೇ ವಿಧಾನ.

300 °C ತಾಪದಲ್ಲಿ ನೈಟ್ರೋಜನ್ ಡೈಆಕ್ಸೈಡ್ ವಿಭಜನೆಯನ್ನು ತೆಗೆದುಕೊಳ್ಳೋಣ. 0, 50, 100, 200 ಮತ್ತು 300 ಸೆಕೆಂಡುಗಳಲ್ಲಿ ಅದರ ಸಾರತೆ ಕ್ರಮವಾಗಿ ಲೀಟರಿಗೆ 0.01000, 0.00787, 0.00649, 0.00481 ಮತ್ತು 0.00380 ಮೋಲ್. ಸಾರತೆಯ ನಕ್ಷೆ ಎದ್ದು ಕಾಣುವಂತೆ ಬಾಗುತ್ತದೆ. ಶೂನ್ಯ ದರ್ಜೆಯನ್ನು ಅಲ್ಲಿಗೇ ಬಿಡಬಹುದು. ಲಾಗರಿದಮ್ ನಕ್ಷೆ ಮಾತ್ರ ಮೋಸಗೊಳಿಸುವಂಥದ್ದು. ಅದರ ಬಿಂದುಗಳಿಗೆ ಅತ್ಯುತ್ತಮವಾಗಿ ಹೊಂದುವ ನೇರ ರೇಖೆಯನ್ನು ಎಳೆದರೆ ರೇಖೆ ಬಿಂದುಗಳಿಗೆ ಎಷ್ಟು ಹೊಂದುತ್ತದೆಂಬುದರ ಅಳತೆಯಾದ R² ಪೂರ್ಣ ಹೊಂದಿಕೆಯ 1ಕ್ಕೆ ಹತ್ತಿರ, ಸುಮಾರು 0.98 ಬರುತ್ತದೆ, ಅಷ್ಟನ್ನೇ ನೋಡಿದವರು ಕ್ರಿಯೆ ಮೊದಲನೆಯ ದರ್ಜೆಯದೆಂದು ಬರೆದುಬಿಡುತ್ತಾರೆ. ಆದರೆ ಎರಡೂ ತುದಿಯ ಬಿಂದುಗಳು ಆ ರೇಖೆಗಿಂತ ಮೇಲೆ, ನಡುವಿನ ಮೂರೂ ಕೆಳಗೆ ಬಿದ್ದಿರುತ್ತವೆ. ಅಳತೆಯ ದೋಷವಾಗಿದ್ದರೆ ಬಿಂದುಗಳು ರೇಖೆಯ ಎರಡೂ ಬದಿಗೆ ಅಡ್ಡಾದಿಡ್ಡಿ ಚದುರುತ್ತಿದ್ದವು. ಹೀಗೆ ಒಂದು ಕ್ರಮದಲ್ಲಿ ಸರಿದಿರುವುದು ವಕ್ರತೆಯ ಗುರುತು. ಇಳಿಜಾರನ್ನು ಲೆಕ್ಕ ಹಾಕಿದರೂ ಇದು ತಿಳಿಯುತ್ತದೆ: ಮೊದಲ 50 ಸೆಕೆಂಡುಗಳಲ್ಲಿ ಸೆಕೆಂಡಿಗೆ −0.0048 ಇದ್ದದ್ದು ಕೊನೆಯ 100 ಸೆಕೆಂಡುಗಳಲ್ಲಿ −0.0024ಕ್ಕೆ, ಅಂದರೆ ಅರ್ಧಕ್ಕೆ ಕುಗ್ಗಿದೆ.

ವ್ಯುತ್ಕ್ರಮದ, ಅಂದರೆ 1/[A]ಯ ಬೆಲೆಗಳು 100, 127, 154, 208, 263. ಇಲ್ಲಿ ಇಳಿಜಾರು ಆರಂಭದಲ್ಲಿ 0.54, ಕೊನೆಯಲ್ಲಿ 0.55, ಬಹುಮಟ್ಟಿಗೆ ಒಂದೇ. ಕ್ರಿಯೆ ಎರಡನೆಯ ದರ್ಜೆಯದೆಂದೂ ದರ ಸ್ಥಿರಾಂಕ k ಸುಮಾರು 0.54 L mol⁻¹ s⁻¹ ಎಂದೂ ತೀರ್ಮಾನಿಸಬಹುದು.

ಈ ತೀರ್ಮಾನ ಸಾಧ್ಯವಾದದ್ದು ಪ್ರತಿವರ್ತಕದ ಶೇ. 62ರಷ್ಟು ಖರ್ಚಾಗುವವರೆಗೂ ಅಳತೆ ಮುಂದುವರಿದದ್ದರಿಂದ. ಹತ್ತನೇ ಒಂದು ಭಾಗ ಕಳೆಯುವಷ್ಟರಲ್ಲೇ ನಿಲ್ಲಿಸಿದ್ದರೆ ಮೂರು ನಕ್ಷೆಗಳೂ ನೇರವೆಂದೇ ತೋರುತ್ತಿದ್ದವು, ಏಕೆಂದರೆ ಯಾವ ವಕ್ರರೇಖೆಯ ಚಿಕ್ಕ ತುಣುಕೂ ನೇರವಾಗಿಯೇ ಕಾಣುತ್ತದೆ. ಹಾಗೆಂದು ಕೊನೆಯವರೆಗೂ ಅಳೆಯುತ್ತ ಹೋದರೆ ಇನ್ನೊಂದು ತೊಡಕು: ಸಾರತೆಯನ್ನು ಅಳೆಯುವಲ್ಲಿ 0.0001ರಷ್ಟು ತಪ್ಪಾದರೆ ವ್ಯುತ್ಕ್ರಮದ ನಕ್ಷೆಯಲ್ಲಿ ಮೊದಲ ಬಿಂದು ಸುಮಾರು 1ರಷ್ಟು ಸರಿದರೆ, 300ನೇ ಸೆಕೆಂಡಿನ ಬಿಂದು ಸುಮಾರು 7ರಷ್ಟು ಸರಿಯುತ್ತದೆ. ಆದ್ದರಿಂದ ತೀರ ಕಡಿಮೆ ಸಾರತೆಯ ಒಂದು ಬಿಂದು ಮಾತ್ರ ರೇಖೆ ಬಿಟ್ಟು ನಿಂತಾಗ ದರ್ಜೆಯನ್ನು ಬದಲಿಸುವ ಮೊದಲು ಆ ಅಳತೆಯನ್ನು ಮತ್ತೊಮ್ಮೆ ಮಾಡುವುದು ಲೇಸು.