ಎದುರಿಗೆ ಬೇಡ, ಪಕ್ಕದಲ್ಲಿ ಕೂತು ಮಾತಾಡಿಸಿ

ಮೂರೂವರೆ ವರ್ಷದ ಹುಡುಗ ಅಮ್ಮನ ಸೆರಗು ಹಿಡಿದುಕೊಂಡು ನನ್ನ ಥೆರಪಿ ಕೋಣೆಗೆ ಬಂದ. ಬಾಗಿಲಲ್ಲೇ ಅಮ್ಮ ಶುರು ಮಾಡಿದರು. "ಆಂಟಿಗೆ ನಮಸ್ತೆ ಮಾಡು ಪುಟ್ಟಾ. ಎಲ್ಲಿ, ಆಂಟಿನ ನೋಡು." ಅವನು ಫ್ಯಾನ್ ನೋಡಿದ. ಅಮ್ಮ ಗಲ್ಲ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿದರು. ಮುಖ ತಿರುಗಿತು, ಕಣ್ಣು ಮಾತ್ರ ಗೋಡೆಯ ಮೂಲೆಗೆ ಹೋಯಿತು. ಎರಡೂ ಕೈ ಕಿವಿಗೆ ಹೋದವು.

ಅಮ್ಮನ ಮುಖದಲ್ಲಿ ನಾಚಿಕೆ. ಮಗು ಮರ್ಯಾದೆ ಕಲಿತಿಲ್ಲ ಅಂತ ನಾನು ಅಂದುಕೊಂಡೆನೇನೋ ಎಂಬ ಅಳುಕು. ಇದು ಮರ್ಯಾದೆಯ ವಿಷಯ ಅಲ್ಲವೇ ಅಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಬ್ಬರ ಕಣ್ಣನ್ನೇ ನೋಡುತ್ತಾ ಅವರ ಮಾತನ್ನೂ ಕೇಳುವುದು ಕಷ್ಟ. ಆಟಿಸಂ ಇರುವ ದೊಡ್ಡವರೇ ಇದನ್ನು ವಿವರಿಸಿದ್ದಾರೆ: ಕಣ್ಣಿಗೆ ಕಣ್ಣು ಕೊಟ್ಟರೆ ಮಾತು ತಲೆಗೆ ಹೋಗುವುದಿಲ್ಲ, ಬೇರೆ ಕಡೆ ನೋಡಿದರೆ ಚೆನ್ನಾಗಿ ಕೇಳಿಸಿಕೊಳ್ಳಬಹುದು ಎಂದು.

ವೃತ್ತಿ ಶುರು ಮಾಡಿದ ಹೊಸತರಲ್ಲಿ ನಾನೂ ಬಿಸ್ಕತ್ತನ್ನು ನನ್ನ ಕಣ್ಣಿನ ಹತ್ತಿರ ಹಿಡಿದು "ನನ್ನ ನೋಡು" ಎನ್ನುತ್ತಿದ್ದೆ. ಮಕ್ಕಳು ಬಿಸ್ಕತ್ತು ನೋಡುವುದನ್ನು ಕಲಿತರು, ನನ್ನನ್ನಲ್ಲ. ಆ ಅಭ್ಯಾಸವನ್ನು ಬಿಟ್ಟು ಬಹಳ ವರ್ಷಗಳಾದವು.

ಆ ಹುಡುಗನ ಎದುರಿಗೆ ನಾನು ಹೋಗಲಿಲ್ಲ. ಅವನಿಂದ ಎರಡು ಮೊಳ ದೂರದಲ್ಲಿ, ಸ್ವಲ್ಪ ಓರೆಯಾಗಿ ಚಾಪೆಯ ಮೇಲೆ ಕೂತೆ. ನನ್ನ ತಲೆ ಅವನ ತಲೆಗಿಂತ ಕೆಳಗಿತ್ತು. ಅವನ ಹೆಸರನ್ನು ಒಂದೇ ಸಲ, ಮೆತ್ತಗೆ ಹೇಳಿ, "ಬಂದ್ಯಾ" ಎಂದೆ. ಅಷ್ಟೇ. ಆಮೇಲೆ ಒಂದು ಆಟದ ಕಾರು ತೆಗೆದುಕೊಂಡು ಅದರ ಚಕ್ರ ತಿರುಗಿಸುತ್ತಾ ಸುಮ್ಮನೆ ಕೂತೆ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿದೆ. ನಮಗೆ ಈ ಹತ್ತು ಸೆಕೆಂಡು ತುಂಬಾ ಉದ್ದ ಅನ್ನಿಸುತ್ತದೆ, ಅದಕ್ಕೇ ನಡುವೆ ಬಾಯಿ ಹಾಕುತ್ತೇವೆ. ನಾವು ಎರಡನೇ ಸಲ ಕರೆದರೆ, ಮೊದಲನೆಯದಕ್ಕೆ ಉತ್ತರ ಕೊಡಲು ಹೊರಟಿದ್ದ ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹತ್ತಾಯಿತು, ಇಪ್ಪತ್ತಾಯಿತು. ಅವನ ಕೈ ಕಿವಿಯಿಂದ ಕೆಳಗಿಳಿಯಿತು. ಓರೆಗಣ್ಣಲ್ಲಿ ಚಕ್ರ ನೋಡಿದ. "ಚಕ್ರ ಗಿರ್ ಗಿರ್" ಎಂದೆ, ಅವನ ಕಡೆ ತಿರುಗದೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಬಂದು, ನನಗೆ ಬೆನ್ನು ಮಾಡಿಯೇ ಪಕ್ಕದಲ್ಲಿ ಕೂತ. ಅದೇ ಅವನ ನಮಸ್ತೆ. ಅಮ್ಮನಿಗೂ ಹಾಗೇ ಹೇಳಿದೆ.

ಉತ್ತರ ಹೀಗೆ ಬೇರೆ ರೂಪದಲ್ಲೂ ಬರುತ್ತದೆ. ಆಟಿಕೆಯನ್ನು ನಿಮ್ಮ ಕಡೆ ತಳ್ಳಬಹುದು. "ಹೇಗಿದ್ದೀಯಾ" ಎಂದರೆ ಮಗುವೂ "ಹೇಗಿದ್ದೀಯಾ" ಎನ್ನಬಹುದು. ಅಣಕಿಸುತ್ತಿದ್ದಾನೆ ಅಂದುಕೊಳ್ಳಬೇಡಿ, ತನಗೆ ಬಂದ ರೀತಿಯಲ್ಲಿ ಮಾತಿಗೆ ಸೇರುತ್ತಿದ್ದಾನೆ. ಮೈ ಬಿಗಿ ಮಾಡಿಕೊಂಡರೆ, ಅಮ್ಮನ ಹಿಂದೆ ಅವಿತರೆ, ಮತ್ತೆ ಕಿವಿ ಮುಚ್ಚಿಕೊಂಡರೆ ಮಾತ್ರ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಎಂದರ್ಥ. ಒಂದು ಹೆಜ್ಜೆ ಹಿಂದೆ ಸರಿಯಿರಿ.

ಬರೀ ಮಾತು ತಡವಾಗಿರುವ ಮಕ್ಕಳಲ್ಲಿ ಇದು ಸ್ವಲ್ಪ ಬೇರೆ. ಅವರಲ್ಲಿ ಹೆಚ್ಚಿನವರು ಕಣ್ಣು ಕೊಡುತ್ತಾರೆ, ನಗುತ್ತಾರೆ, ಬೆರಳು ಮಾಡಿ ತೋರಿಸುತ್ತಾರೆ. "ನಿನ್ನ ಹೆಸರೇನು? ಯಾವ ಸ್ಕೂಲು?" ಎಂದ ತಕ್ಷಣ ಮುಖ ಕೆಳಗೆ ಹಾಕುತ್ತಾರೆ. ಅಲ್ಲಿ ಭಾರವಾಗುವುದು ಪ್ರಶ್ನೆ. ಅದನ್ನು ಬಿಟ್ಟು "ಕೆಂಪು ಚಪ್ಪಲಿ ಹಾಕ್ಕೊಂಡು ಬಂದಿದ್ದೀಯ" ಎನ್ನಿ. ಅದಕ್ಕೆ ಉತ್ತರ ಕೊಡಲೇಬೇಕು ಅಂತಿಲ್ಲ, ಅಲ್ವಾ? ಅದಕ್ಕೇ ಎಷ್ಟೋ ಸಲ ಮಗು ಕಾಲು ಮುಂದೆ ಚಾಚಿ ತೋರಿಸುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಹೆಸರು ಕರೆದರೆ ಮಗು ತಿರುಗದಿದ್ದಾಗ ಆಟಿಸಂ ಎಂದು ನೀವೇ ತೀರ್ಮಾನಿಸಬೇಡಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಮಾತಾಡದ ಮಗುವಿಗೂ ಇದನ್ನು ಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ, ಥೆರಪಿ ಎರಡೂ ಇವೆ.

ಎರಡು ತಿಂಗಳಾದ ಮೇಲೆ ಆ ಮನೆಯವರಿಗೆ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಕೆನ್ನೆ ಹಿಂಡುವ ನೆಂಟರನ್ನು ನೆನೆದೇ ಅಮ್ಮನಿಗೆ ಭಯ. ಹಿಂದಿನ ದಿನವೇ ನಿಮ್ಮ ಅಣ್ಣನಿಗೆ ಫೋನ್ ಮಾಡಿ ಹೀಗೆ ಹೇಳಿ ಎಂದೆ: "ಅಣ್ಣಾ, ಅವನನ್ನ ಎತ್ಕೋಬೇಡ, ನಮಸ್ತೆ ಮಾಡು ಅನ್ನಬೇಡ. ಪಕ್ಕದಲ್ಲಿ ಕೂತ್ಕೋ, ಸ್ವಲ್ಪ ಹೊತ್ತು ಬಿಡು." ಅಣ್ಣ ಹಾಗೇ ಮಾಡಿದರಂತೆ. ಮಹಡಿ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು, ತಮ್ಮ ಬೈಕಿನ ಕೀಲಿಗೊಂಚಲು ಅಲ್ಲಾಡಿಸುತ್ತಾ ಇದ್ದರಂತೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಗೊಂಚಲು ಹುಡುಗನ ಕೈಯಲ್ಲಿತ್ತು, ಅವನ ತಲೆ ಮಾವನ ತೋಳಿಗೆ ಒರಗಿತ್ತು.