ಹಸಿ ಹಾಲಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಎಷ್ಟು? ತಟ್ಟೆಯಲ್ಲಿ ಎಣಿಸುವ ಬಗೆ

ಕಾಯಿಸದ ಹಸಿ ಹಾಲಿನ ಒಂದು ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರಬಹುದು. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಅವು ಕಾಣುತ್ತವೆ, ಆದರೆ ಸತ್ತವು ಯಾವುವು, ಬದುಕಿರುವವು ಯಾವುವು ಎಂಬುದು ಸಾಮಾನ್ಯ ಬಣ್ಣಗಳಿಂದ ತಿಳಿಯುವುದಿಲ್ಲ. ಬದುಕಿರುವುದು ಮಾತ್ರ ಬೆಳೆಯುತ್ತದೆ. ಬೆಳೆದು ಬರಿಗಣ್ಣಿಗೆ ಕಾಣುವ ಚುಕ್ಕೆಯಾದಾಗ ಅದನ್ನು ಕಾಲೊನಿ ಎನ್ನುತ್ತೇವೆ. ಹಾಲನ್ನು ಹಾಗೆಯೇ ತಟ್ಟೆಗೆ ಹಾಕಿದರೆ ಕಾಲೊನಿಗಳು ಒಂದರ ಮೇಲೊಂದು ಬೆಳೆದು ಎಣಿಕೆಯೇ ಅಸಾಧ್ಯವಾಗುವುದರಿಂದ, ಮೊದಲು ಅದನ್ನು ಹಂತಹಂತವಾಗಿ ತೆಳುಗೊಳಿಸಬೇಕು. ಸೀರಿಯಲ್ ಡೈಲ್ಯೂಷನ್ ಎಂದರೆ ಇದೇ.

ಪ್ರತಿಯೊಂದರಲ್ಲೂ 9 ಮಿ.ಲೀ. ದ್ರಾವಣವಿರುವ ಐದು ಕೊಳವೆಗಳನ್ನು ಆಟೊಕ್ಲೇವ್‌ನಲ್ಲಿ ಕ್ರಿಮಿಶುದ್ಧ ಮಾಡಿ ಇಟ್ಟುಕೊಳ್ಳುತ್ತಾರೆ. ಬರಿಯ ಶುದ್ಧ ನೀರಿನಲ್ಲಿ ಬ್ಯಾಕ್ಟೀರಿಯಾ ನೀರು ಹೀರಿ ಉಬ್ಬಿ ಸಾಯಬಹುದಾದ್ದರಿಂದ ನೀರಿಗೆ ಸ್ವಲ್ಪ ಪೆಪ್ಟೋನ್ ಮತ್ತು ಸುಮಾರು 0.85 ಶೇಕಡಾ ಉಪ್ಪು ಸೇರಿಸಿರುತ್ತಾರೆ. ಚೆನ್ನಾಗಿ ಕುಲುಕಿದ ಹಾಲಿನ 1 ಮಿ.ಲೀ. ಮೊದಲ ಕೊಳವೆಗೆ ಹೋದಾಗ ಹಾಲು ಹತ್ತು ಪಟ್ಟು ತೆಳುವಾಗುತ್ತದೆ. ಅದರಿಂದ 1 ಮಿ.ಲೀ. ಎರಡನೆಯದಕ್ಕೆ ಹೋದಾಗ ನೂರು ಪಟ್ಟು. ಹೀಗೆ ಐದನೆಯ ಕೊಳವೆಯಲ್ಲಿ ಹಾಲು ಲಕ್ಷದಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಪ್ರತಿ ಹಂತಕ್ಕೂ ಹೊಸ ಪಿಪೆಟ್ ಬೇಕು, ಏಕೆಂದರೆ ಹಿಂದಿನ ಕೊಳವೆಯ ದಟ್ಟ ದ್ರವದ ಒಂದು ಹನಿ ಗೋಡೆಗೆ ಅಂಟಿದ್ದರೂ ಮುಂದಿನ ಲೆಕ್ಕ ಕೆಡುತ್ತದೆ.

ಬಳಿಕ ಕೊನೆಯ ಮೂರು ಕೊಳವೆಗಳಿಂದ ತಲಾ 1 ಮಿ.ಲೀ. ದ್ರವವನ್ನು ಎರಡೆರಡು ಪೆಟ್ರಿ ತಟ್ಟೆಗಳಿಗೆ ಹಾಕಿ, ಅದರ ಮೇಲೆ ಕರಗಿದ ಅಗರ್ ಮಾಧ್ಯಮವನ್ನು ಸುರಿದು, ಮೆಲ್ಲಗೆ ಆಡಿಸಿ ಬೆರೆಸುತ್ತಾರೆ. ಸುರಿಯುವಾಗ ಮಾಧ್ಯಮದ ಉಷ್ಣತೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಬಹಳ ಬಿಸಿಯಾಗಿದ್ದರೆ ಎಣಿಸಬೇಕಾದ ಬ್ಯಾಕ್ಟೀರಿಯಾವೇ ಸಾಯುತ್ತದೆ, ತೀರಾ ಆರಿದರೆ ಬೆರೆಯುವ ಮೊದಲೇ ಗಂಟುಗಟ್ಟುತ್ತದೆ. ಹೆಪ್ಪುಗಟ್ಟಿದ ತಟ್ಟೆಗಳನ್ನು ಕವುಚಿ 30 ಡಿಗ್ರಿಯಲ್ಲಿ 72 ಗಂಟೆ ಇಡುತ್ತಾರೆ. ಹಾಲು ಹಾಕದ ಒಂದು ತಟ್ಟೆಯನ್ನೂ ಜೊತೆಗಿಡಬೇಕು. ಅದರಲ್ಲಿ ಕಾಲೊನಿ ಕಂಡರೆ ಮಾಲಿನ್ಯ ಹಾಲಿನದಲ್ಲ, ನಮ್ಮ ಕೈಯದೋ ಗಾಳಿಯದೋ ದ್ರಾವಣದ್ದೋ ಎಂದರ್ಥ.

ಒಂದು ಉದಾಹರಣೆಯ ಲೆಕ್ಕ ಮಾಡೋಣ. ಸಾವಿರ ಪಟ್ಟು ತೆಳುಗೊಳಿಸಿದ ತಟ್ಟೆಗಳು ಎಣಿಸಲಾಗದಷ್ಟು ತುಂಬಿವೆ. ಹತ್ತು ಸಾವಿರ ಪಟ್ಟಿನವುಗಳಲ್ಲಿ 212 ಮತ್ತು 198 ಕಾಲೊನಿಗಳಿವೆ, ಲಕ್ಷ ಪಟ್ಟಿನವುಗಳಲ್ಲಿ 23 ಮತ್ತು 20. ರೂಢಿಯ ನಿಯಮದಂತೆ 30ರಿಂದ 300ರವರೆಗಿನ ಎಣಿಕೆಯ ತಟ್ಟೆಗಳನ್ನು ಮಾತ್ರ ಪರಿಗಣಿಸಿದರೆ ಸರಾಸರಿ 205. ಅದನ್ನು 10,000ದಿಂದ ಗುಣಿಸಿದರೆ ಮಿಲಿಲೀಟರಿಗೆ 20.5 ಲಕ್ಷ. ಭಾರತೀಯ ಮಾನಕದ ವರ್ಗೀಕರಣದಲ್ಲಿ 10ರಿಂದ 50 ಲಕ್ಷದವರೆಗಿನ ಹಸಿ ಹಾಲು ಸಾಧಾರಣ ದರ್ಜೆಯದು.

ಈ 30 ಮತ್ತು 300 ಎಂಬ ಗಡಿಗಳಿಗೆ ಕಾರಣವಿದೆ. ಒಂದು ಮಿಲಿಲೀಟರಿಗೆ ಎಷ್ಟು ಬ್ಯಾಕ್ಟೀರಿಯಾ ಬಂದು ಸೇರುತ್ತದೆ ಎಂಬುದರಲ್ಲಿ ಆಕಸ್ಮಿಕದ ಪಾಲು ಇದ್ದೇ ಇರುತ್ತದೆ, ಅದರ ಏರಿಳಿತ ಸರಿಸುಮಾರು ಎಣಿಕೆಯ ವರ್ಗಮೂಲದಷ್ಟು. 20 ಕಾಲೊನಿ ಬಂದಲ್ಲಿ ಅದು ನಾಲ್ಕೈದು, ಅಂದರೆ ಐದನೆಯ ಒಂದು ಪಾಲಿಗಿಂತ ಹೆಚ್ಚು. 200 ಬಂದಲ್ಲಿ ಹದಿನಾಲ್ಕು, ಅಂದರೆ ಶೇಕಡಾ 7 ಮಾತ್ರ. ಮೇಲಿನ ಗಡಿಗೆ ಕಾರಣವೇ ಬೇರೆ: ಇಕ್ಕಟ್ಟಾದಾಗ ಕಾಲೊನಿಗಳು ಆಹಾರ ಸಾಲದೆ ಕುಬ್ಜವಾಗುತ್ತವೆ, ಪಕ್ಕದವುಗಳೊಡನೆ ಕೂಡಿಕೊಳ್ಳುತ್ತವೆ.

ಇನ್ನೊಂದು ಮಿತಿ ಎಣಿಕೆಯ ಏಕಮಾನದಲ್ಲೇ ಇದೆ. ಸ್ಟ್ರೆಪ್ಟೊಕಾಕಸ್ ಸರಪಳಿಯಾಗಿಯೂ ಸ್ಟ್ಯಾಫಿಲೊಕಾಕಸ್ ಗೊಂಚಲಾಗಿಯೂ ಇರುವುದರಿಂದ ಹತ್ತಾರು ಜೀವಕೋಶಗಳು ಸೇರಿ ಒಂದೇ ಕಾಲೊನಿ ಕೊಡಬಹುದು. ಆದ್ದರಿಂದ ಫಲಿತಾಂಶವನ್ನು ಬ್ಯಾಕ್ಟೀರಿಯಾಗಳ ಸಂಖ್ಯೆ ಎನ್ನದೆ ‘ಕಾಲೊನಿ ರೂಪಿಸುವ ಘಟಕಗಳು’ ಎಂದೇ ಬರೆಯುತ್ತಾರೆ. ಆಮ್ಲಜನಕ ಒಗ್ಗದವು ಮತ್ತು ಹೆಚ್ಚಿನ ಶಾಖದಲ್ಲಷ್ಟೇ ಬೆಳೆಯುವವು ಈ ತಟ್ಟೆಯಲ್ಲಿ ಮೂಡುವುದೇ ಇಲ್ಲ.

ಇಷ್ಟೆಲ್ಲದರ ನಡುವೆ ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಸಾಕ್ಷಿ, ಲೆಕ್ಕದಿಂದ ಹೊರಗಿಟ್ಟ ಆ ಲಕ್ಷ ಪಟ್ಟಿನ ತಟ್ಟೆಗಳು. ಒಂದೊಂದು ಹಂತಕ್ಕೂ ಎಣಿಕೆ ಸುಮಾರು ಹತ್ತರಲ್ಲಿ ಒಂದಕ್ಕೆ ಇಳಿಯಬೇಕು, ಮತ್ತು 205ರಿಂದ 21.5ಕ್ಕೆ ಇಳಿದಿರುವುದು ಆ ನಿರೀಕ್ಷೆಗೆ ಒಪ್ಪುತ್ತದೆ. ಬದಲಿಗೆ 205 ಇದ್ದದ್ದು 60ಕ್ಕೆ ಮಾತ್ರ ಇಳಿದಿದ್ದರೆ ಪಿಪೆಟ್ ಬದಲಿಸಿಲ್ಲ ಅಥವಾ ಕೊಳವೆಯನ್ನು ಸರಿಯಾಗಿ ಕುಲುಕಿಲ್ಲ ಎಂಬ ಸಂಶಯ ಬರಬೇಕು. ಹತ್ತು ಮತ್ತು ನೂರು ಪಟ್ಟಿನಂಥ ಕಡಿಮೆ ತೆಳುವಿನ ತಟ್ಟೆಗಳಲ್ಲಿ 60, 50 ಎಂಬಂತೆ ಎಣಿಕೆ ಹೆಚ್ಚು ಕಡಿಮೆ ಒಂದೇ ಆಗಿದ್ದರೆ, ಹಾಲಿನಲ್ಲೇ ಬೆಳವಣಿಗೆ ತಡೆಯುವ ವಸ್ತುವಿರಬಹುದು. ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆದ ಹಸುವಿನ ಹಾಲಿನಲ್ಲಿ ಆಂಟಿಬಯಾಟಿಕ್ ಉಳಿದಿರುವುದು ಇದಕ್ಕೊಂದು ಕಾರಣ. ಹಾಲಿನೊಂದಿಗೆ ಆ ಔಷಧವೂ ತೆಳುವಾದಂತೆ ತಡೆ ಸಡಿಲಗೊಳ್ಳುವುದರಿಂದ ಮುಂದಿನ ತಟ್ಟೆಯಲ್ಲಿ ನಿರೀಕ್ಷೆಗಿಂತ ಹೆಚ್ಚು ಕಾಲೊನಿ ಮೂಡುತ್ತವೆ. ಅಂಥ ಮಾದರಿಯ ಎಣಿಕೆಯನ್ನು ವರದಿಗೆ ಬರೆಯದೆ, ಮೊದಲು ಆಂಟಿಬಯಾಟಿಕ್ ಶೇಷದ ಪರೀಕ್ಷೆಗೆ ಕಳುಹಿಸುವುದು ಸರಿಯಾದ ಕ್ರಮ.